ಡಾಲರ್ ಏರಿತ್ತು, ನನ್ನ ಪುಸ್ತಕದಲ್ಲಿ ಲಾಭ ಬಂದಿತ್ತು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಲೆಕ್ಕ ಬರೆಯುತ್ತೇನೆ. ಮೊದಲ ಸಲ ಹೊರದೇಶದಿಂದ 90 ದಿನಗಳ ಸಾಲಕ್ಕೆ ಬೇರಿಂಗ್ ತರಿಸಿದಾಗ ಮಾಡಿದ ತಪ್ಪು ಇನ್ನೂ ನೆನಪಿದೆ. ದರಗಳನ್ನು ಇಲ್ಲಿ ಸುಲಭಕ್ಕೆಂದು ಸ್ವಲ್ಪ ದುಂಡಾಗಿಸಿದ್ದೇನೆ.

ಫೆಬ್ರವರಿಯಲ್ಲಿ 20,000 ಡಾಲರಿನ ಇನ್‌ವಾಯ್ಸ್ ಬಂತು. ಮಾಲು ಹಡಗು ಹತ್ತಿದ್ದೂ ಅದೇ ದಿನ. ಅಂದು ಡಾಲರಿಗೆ 83 ರೂಪಾಯಿ. ನಾನು ಆಗಲೇ ಬರೆದುಕೊಳ್ಳದೆ ಮಾಲು ಬರಲಿ ಎಂದು ಕಾದೆ. ಬಂದಾಗ, ಆಮದಿಗೆಂದು ಕಸ್ಟಮ್ಸ್‌ನಲ್ಲಿ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ ಬೆಲೆ 16,80,000 ಎಂದಿತ್ತು, ಅಂದರೆ 84ರ ದರ. ಸರ್ಕಾರದ ಕಾಗದ ತಪ್ಪಿರಲಾರದು ಎಂದುಕೊಂಡು ಅದನ್ನೇ ಖರೀದಿಗೂ ಸರಬರಾಜುದಾರರ ಖಾತೆಗೂ ಏರಿಸಿದೆ.

ಮಾರ್ಚ್ 31ಕ್ಕೆ ದರ 83.40. ಬಾಕಿಯನ್ನು ಆ ದರಕ್ಕೆ ತಂದಾಗ 16,68,000 ಆಯಿತು. 12,000 ರೂಪಾಯಿ ವಿನಿಮಯ ಲಾಭ! ಖುಷಿಯಿಂದಲೇ ಆಡಿಟರ್ ಮುಂದಿಟ್ಟೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ಕೊಡಬೇಕಾದದ್ದು ಡಾಲರ್. ಇನ್‌ವಾಯ್ಸ್ ಆದ ಮೇಲೆ ಡಾಲರ್ ಏರಿದೆ. ಲಾಭ ಹೇಗೆ ಬಂತು?"

ನನ್ನಲ್ಲಿ ಉತ್ತರವಿರಲಿಲ್ಲ. ಆ 84, ಸುಂಕ ಮತ್ತು ಐಜಿಎಸ್‌ಟಿ ಲೆಕ್ಕಕ್ಕೆಂದು ಕಸ್ಟಮ್ಸ್ ಇಲಾಖೆ ಪ್ರಕಟಿಸುವ ದರ. ತೆರಿಗೆಯನ್ನು ಅದರ ಮೇಲೇ ಕಟ್ಟಬೇಕು, ಕಟ್ಟಿದಷ್ಟನ್ನೇ ಬರೆಯಬೇಕು. ಸರಬರಾಜುದಾರರಿಗೂ ಆ ದರಕ್ಕೂ ಮಾತ್ರ ಸಂಬಂಧವಿಲ್ಲ.

ತಿದ್ದಿ ಬರೆದೆ. ಖರೀದಿ 83ರಂತೆ 16,60,000. ಮಾರ್ಚ್ 31ಕ್ಕೆ ಬಾಕಿ 16,68,000, ಆದ್ದರಿಂದ 8,000 ನಷ್ಟ. ಹಣ ಇನ್ನೂ ಕೊಟ್ಟಿರದಿದ್ದರೂ ಅದು ಆ ವರ್ಷದ್ದೇ. ಮೇ ತಿಂಗಳಲ್ಲಿ ಬ್ಯಾಂಕು 83.75ರ ದರ ಹಾಕಿ ನಮ್ಮ ಖಾತೆಯಿಂದ 16,75,000 ಕಡಿತ ಮಾಡಿತು. ಮಾರ್ಚ್‌ನಲ್ಲಿ ನಿಂತ ಬಾಕಿಗಿಂತ 7,000 ಹೆಚ್ಚು, ಅದು ಹೊಸ ವರ್ಷದ ನಷ್ಟ. ಬ್ಯಾಂಕಿನ ಕಮಿಷನ್ ಬೇರೆ ಸಾಲಿನಲ್ಲಿತ್ತು, ಅದನ್ನು ಬ್ಯಾಂಕ್ ಶುಲ್ಕಕ್ಕೆ ಹಾಕಿದೆ. ಇದನ್ನೂ ವಿನಿಮಯ ನಷ್ಟಕ್ಕೆ ಸೇರಿಸಿಬಿಡುವವರಿದ್ದಾರೆ. ಆಮೇಲೆ ದರದಿಂದ ಕಳೆದುಕೊಂಡದ್ದೆಷ್ಟು, ಬ್ಯಾಂಕಿಗೆ ಕೊಟ್ಟದ್ದೆಷ್ಟು ಎಂದು ಬಿಡಿಸುವುದು ತಲೆನೋವು.

ಈಗ ಟ್ಯಾಲಿಯಲ್ಲಿ ಸರಬರಾಜುದಾರರ ಖಾತೆಯನ್ನು ಡಾಲರಿನಲ್ಲೇ, ಬಿಲ್‌ವಾರು ಇಟ್ಟಿದ್ದೇನೆ. ಹೊಂದಿಸದೆ ಉಳಿದ ವ್ಯತ್ಯಾಸ ಬ್ಯಾಲೆನ್ಸ್ ಶೀಟಿನಲ್ಲಿ `Unadjusted Forex Gain/Loss` ಎಂದು ಕಾಣಿಸುತ್ತದೆ. ಆ ಸಾಲು ಕಂಡರೆ ಜರ್ನಲ್ ಬರೆಯುವುದು ಬಾಕಿಯಿದೆ ಎಂದರ್ಥ.

ಮಾಲೀಕರಿಗೆ ಒಂದು ಅನುಮಾನ ಉಳಿದಿತ್ತು: "ಒಟ್ಟು 15,000 ಹೆಚ್ಚು ಕೊಟ್ಟೆವಲ್ಲ, ಬೇರಿಂಗ್‌ನ ಬೆಲೆಗೆ ಅದನ್ನು ಸೇರಿಸಬೇಡವೇ?" ಬೇಡ ಎಂದೆ. ಬೇರಿಂಗ್ ಕೊಂಡದ್ದು 83ರ ದಿನ. ಮಾರ್ಚ್ 31ಕ್ಕೆ ಗೋದಾಮಿನಲ್ಲಿ ಉಳಿದಿದ್ದ ಪೆಟ್ಟಿಗೆಗಳಿಗೂ ಅದೇ ದರವನ್ನೇ ಹಿಡಿದೆವು, ಜೊತೆಗೆ ಕಟ್ಟಿದ ಕಸ್ಟಮ್ಸ್ ಸುಂಕ. ಆಮೇಲೆ ಏರಿಳಿದದ್ದು ನಮ್ಮ ಸಾಲ.