ಮುಟ್ಟು ನಿಲ್ಲುವ ಹೊತ್ತಿಗೆ ಕೀಲು ಹಿಡಿದರೆ ಏನು ಮಾಡಬೇಕು?

"ಮುಂಜಾನಿ ಎದ್ದ ಕೂಡ್ಲೆ ಮುಷ್ಟಿ ಮುಚ್ಚಾಕ ಬರವಲ್ದು ರೀ. ಹಿಟ್ಟು ನಾದೂದ್ ಹ್ಯಾಂಗ?" ಬಾಗಲಕೋಟೆಯ ನವನಗರದ ಆ ಅಕ್ಕ ಕೇಳಿದ್ದು ಇದೊಂದೇ ಪ್ರಶ್ನೆ. ವಯಸ್ಸು 48. ದಿನಕ್ಕೆ ಅರವತ್ತು ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಎಂಟು ತಿಂಗಳಿಂದ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆ, ರಾತ್ರಿ ಮೈ ಬೆವರಿ ಎಚ್ಚರವಾಗುತ್ತದೆ. ಬೆರಳು, ಮೊಣಕಾಲು, ಭುಜ ಎಲ್ಲ ಬಿಗಿದಿವೆ. ಮನೆಯವರು "ವಾಯು ಆಗೇತಿ, ಮಲ್ಕೊ" ಎಂದಿದ್ದರು. ಅಕ್ಕ ಎರಡು ತಿಂಗಳು ಓಡಾಟವನ್ನೇ ಕಡಿಮೆ ಮಾಡಿದರು. ಮೊಣಕಾಲು ಇನ್ನಷ್ಟು ಹಿಡಿಯಿತು.

ಈಸ್ಟ್ರೋಜೆನ್ ಎಂಬ ಹಾರ್ಮೋನು ಮುಟ್ಟಿಗೆ ಮಾತ್ರ ಸೇರಿದ್ದಲ್ಲ. ಕೀಲಿನ ಒಳಪೊರೆ, ಸ್ನಾಯು, ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು, ಇವೆಲ್ಲದರ ಮೇಲೂ ಅದರ ಪ್ರಭಾವವಿದೆ. ಅದು ಉರಿಯೂತವನ್ನು ತಗ್ಗಿಸುತ್ತದೆ, ಸವೆದ ಸ್ನಾಯು ಮತ್ತೆ ಕಟ್ಟಿಕೊಳ್ಳಲು ನೆರವಾಗುತ್ತದೆ. ಮುಟ್ಟು ಪೂರ್ತಿ ನಿಲ್ಲುವ ಮೊದಲೇ ಅದು ಒಮ್ಮೆ ಏರಿ ಒಮ್ಮೆ ಇಳಿಯತೊಡಗುತ್ತದೆ. ಹೀಗಾಗಿ ಮುಟ್ಟು ಇನ್ನೂ ಆಗುತ್ತಿರುವಾಗಲೇ ನೋವು ಕಾಣಿಸಬಹುದು. ಬೆವರಿ ಕೆಟ್ಟ ನಿದ್ದೆ ಮರುದಿನದ ನೋವನ್ನು ಹೆಚ್ಚಿಸುತ್ತದೆ. ಇದರ ಜೊತೆಗೆ ಓಡಾಟ ಬಿಟ್ಟು ಮಲಗಿಬಿಟ್ಟರೆ ತೊಡೆಯ ಸ್ನಾಯು ಸೊರಗಿ, ಮೊಣಕಾಲಿನ ಮೇಲಿನ ಭಾರ ಹೆಚ್ಚುತ್ತದೆ. ಆ ಅಕ್ಕನಿಗೆ ಆದದ್ದು ಇದೇ.

ಮೊದಲ ಹೆಜ್ಜೆ ಗಡಿಯಾರ. ಏಳು ದಿನ, ಎದ್ದ ಮೇಲೆ ಕೈಕಾಲು ಸಲೀಸಾಗಲು ಎಷ್ಟು ನಿಮಿಷ ಬೇಕೆಂದು ಕ್ಯಾಲೆಂಡರಿನ ಮೇಲೆ ಬರೆಯಿರಿ. ಅರ್ಧ ತಾಸಿನೊಳಗೆ ಸಡಿಲಾದರೆ ಇದು ಬಹುತೇಕ ಈ ವಯಸ್ಸಿನ ಬಿಗಿತ, ಇಲ್ಲವೇ ಕೀಲಿನ ಸವೆತ. ಒಂದು ತಾಸು ದಾಟಿದರೆ, ಬೆರಳ ಬುಡದ ಗೆಣ್ಣು ಮೆತ್ತಗೆ ಊದಿದರೆ, ಇಲ್ಲವೇ ಗೆಣ್ಣುಗಳನ್ನು ಅಡ್ಡಲಾಗಿ ಒತ್ತಿದಾಗ ನೊಂದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ಮೈಯ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ಬೀಳುವ ರುಮಟಾಯ್ಡ್ ಸಂಧಿವಾತ ಕೂಡ ಇದೇ ವಯಸ್ಸಿನಲ್ಲಿ ಶುರುವಾಗುತ್ತದೆ, ತಡವಾದರೆ ಕೀಲು ಕೆಡುತ್ತದೆ. ಒಂದೇ ಕೀಲು ಕೆಂಪಾಗಿ ಊದಿ ಜ್ವರ ಬಂದರೆ ಅಂದೇ ಆಸ್ಪತ್ರೆ. ಥೈರಾಯ್ಡ್ ಮತ್ತು ವಿಟಮಿನ್ ಡಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಎರಡರ ಕೊರತೆಯೂ ಮೈಕೈ ನೋವು ತರುತ್ತದೆ. ಈ ಅಕ್ಕನಿಗೆ ಬಿಗಿತ ಇಪ್ಪತ್ತು ನಿಮಿಷ, ಊತವಿಲ್ಲ, ಥೈರಾಯ್ಡ್ ಸರಿ ಇತ್ತು. ವಿಟಮಿನ್ ಡಿ ಕಡಿಮೆ ಇತ್ತು. ವೈದ್ಯರು ಕೊಟ್ಟದ್ದನ್ನು ತೆಗೆದುಕೊಂಡರು.

ಎರಡನೆಯದು ಹಾಸಿಗೆಯಲ್ಲೇ. ಏಳುವ ಮೊದಲು ಮುಷ್ಟಿಯನ್ನು ನಿಧಾನ ಮುಚ್ಚಿ, ಬೆರಳು ಅಗಲ ಮಾಡಿ ತೆರೆಯಿರಿ, ಹತ್ತು ಸಲ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಎಳೆದು ಮೊಣಕಾಲು ಮಡಚಿ ಚಾಚಿ, ಒಂದೊಂದು ಕಾಲಿಗೂ ಹತ್ತು ಸಲ. ಆಮೇಲೆ ಐದು ನಿಮಿಷ ಬೆಚ್ಚನೆಯ ನೀರಿನಲ್ಲಿ ಕೈ. ಹಿಟ್ಟು ನಾದುವುದು ಇದಾದ ಮೇಲೆ.

ಮೂರನೆಯದೇ ನಿಜವಾದ ಮದ್ದು ಎನ್ನುತ್ತೇನೆ: ತೊಡೆಯ ಬಲ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಪಾದ ಸ್ವಲ್ಪ ಅಗಲ, ಕೈ ಎದೆಯ ಮೇಲೆ. ಎದ್ದು ನಿಲ್ಲಿ, ಮೂರು ಎಣಿಸುತ್ತ ನಿಧಾನ ಕೂತುಕೊಳ್ಳಿ. ಕೈ ಆಸರೆ ಇಲ್ಲದೆ ಆಗದಿದ್ದರೆ ಕುರ್ಚಿಯ ಮೇಲೆ ದಪ್ಪ ದಿಂಬು ಇಡಿ. ಈ ಅಕ್ಕ ಆರು ಸಲದಿಂದ ಶುರುಮಾಡಿದರು, ಎರಡು ಸುತ್ತು, ದಿನ ಬಿಟ್ಟು ದಿನ. ಹತ್ತು ಸುಲಭವಾದಾಗ ದಿಂಬು ತೆಗೆದರು, ಮುಂದೆ ಎರಡು ಕಿಲೋ ಜೋಳದ ಚೀಲ ಎದೆಗೆ ಹಿಡಿದರು. ಉಳಿದ ದಿನ ಇಪ್ಪತ್ತು ನಿಮಿಷ ನಡಿಗೆ, ಬಿಸಿಲೇರುವ ಮುಂಚೆ.

ಎಷ್ಟು ನೋವು ಸಹಿಸಬಹುದು? ಹತ್ತರಲ್ಲಿ ಮೂರು ನಾಲ್ಕರಷ್ಟು ನೋವು ಇದ್ದರೂ ಪರವಾಗಿಲ್ಲ, ಆದರೆ ಮರುದಿನ ಮುಂಜಾನೆಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಪ್ರತಿ ಸುತ್ತಿನ ಎಣಿಕೆಯಲ್ಲಿ ಮೂರನೇ ಒಂದು ಭಾಗ ಕಡಿಮೆ ಮಾಡಿ, ನಿಲ್ಲಿಸಬೇಡಿ. ಕುಪ್ಪಸದ ಹಿಂದಿನ ಗುಂಡಿಗೆ ಕೈ ಹೋಗದಷ್ಟು ಭುಜ ಹಿಡಿದಿದ್ದರೆ ಮಾತ್ರ ಬಲವಂತವಾಗಿ ಎಳೆಯಬೇಡಿ. ಅದು ಹೆಪ್ಪುಗಟ್ಟಿದ ಭುಜ, ಅಂದರೆ ಫ್ರೋಜನ್ ಶೋಲ್ಡರ್ ಇರಬಹುದು, ತೋರಿಸಿಕೊಳ್ಳಿ.

ಕೆಲಸವನ್ನೂ ಬದಲಿಸಬೇಕಾಯಿತು. ಒಲೆ ಕಟ್ಟೆಯ ಮೇಲೇರಿತು, ಅರವತ್ತು ರೊಟ್ಟಿ ಇಪ್ಪತ್ತರ ಮೂರು ಸರದಿಯಾಯಿತು, ನಡುವೆ ಹತ್ತು ನಿಮಿಷ ಬಿಡುವು.

ಎಂಟು ವಾರದ ನಂತರ ಕ್ಯಾಲೆಂಡರಿನಲ್ಲಿ ಬಿಗಿತ ಎಂಟು ನಿಮಿಷಕ್ಕೆ ಇಳಿದಿತ್ತು, ಕುರ್ಚಿಯಿಂದ ಏಳುವುದು ಹದಿನಾಲ್ಕಕ್ಕೆ ಏರಿತ್ತು. ಹೆಬ್ಬೆರಳ ಬುಡದ ನೋವು ಮಾತ್ರ ಹೋಗಿಲ್ಲ. ಅಲ್ಲಿ ಸವೆತವೂ ಇದೆ. ರಾತ್ರಿಯ ಬೆವರು ನಿಲ್ಲದ ಕಾರಣ ಹಾರ್ಮೋನ್ ಚಿಕಿತ್ಸೆ ತಮಗೆ ಹೊಂದುತ್ತದೆಯೇ ಎಂದು ಅವರು ಈಗ ಸ್ತ್ರೀರೋಗ ತಜ್ಞರ ಬಳಿ ಕೇಳಲು ಹೊರಟಿದ್ದಾರೆ, ಕ್ಯಾಲೆಂಡರನ್ನೂ ಜೊತೆಗೆ ಒಯ್ಯುತ್ತಿದ್ದಾರೆ.