ರಿಟೈರ್ ಆಗಿ ಮತ್ತೆ ಬಂದ ಪ್ಯಾನ್‌ಮ್ಯಾನ್ ಯಜಮಾನ್ರಿಗೆ ನಾನು ಬರೆದ ಸ್ವಾಗತದ ಮೆಸೇಜು

ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೇಲಿ ಪರ್ಸೊನೆಲ್ ಸೆಕ್ಷನ್‌ನಲ್ಲಿ ಕೆಲಸ ನಂದು. ನೋಟಿಸು, ಸರ್ಕ್ಯುಲರ್ರು, ಬೀಳ್ಕೊಡುಗೆ ಪತ್ರ, ಸಂತಾಪ ಸೂಚನೆ ಎಲ್ಲಾ ನನ್ನ ಟೇಬಲ್ಲಿಂದನೇ ಹೋಗೋದು. ನಾನು ಕೆಲಸಕ್ಕೆ ಸೇರಿದ ಮೇಲೆ ರಿಟೈರ್ ಆದವರು ಸಂಬಳ ಇಲ್ದೆ ಹೊಸಬರಿಗೆ ಹೇಳ್ಕೊಡೋಕೆ ವಾಪಸ್ ಬಂದಿದ್ದು ಅದೇ ಮೊದಲು, ಅದಕ್ಕೆ ಏನು ಬರೀಬೇಕು ಅಂತ ಫೈಲಲ್ಲಿ ಒಂದು ನಮೂನೆನೂ ಇರ್ಲಿಲ್ಲ.

ಬಂದವರು ನಮ್ಮ ಪ್ಯಾನ್ ಹೌಸಿನ ಹಳೇ ಪ್ಯಾನ್‌ಮ್ಯಾನ್, ಎಲ್ರೂ ಅವರನ್ನ ಯಜಮಾನ್ರು ಅಂತಲೇ ಕರೆಯೋದು. ರಿಟೈರ್ ಆಗಿ ಎರಡು ವರ್ಷ ಆಗಿತ್ತು. ಆ ಹಂಗಾಮಿಗೆ ಪ್ಯಾನ್ ಮೇಲೆ ಆರು ಜನ ಹೊಸ ಹುಡುಗರನ್ನ ತಗೊಂಡಿದ್ರು, ಓದ್ಕೊಂಡವರೇ, ಆದ್ರೆ ಪ್ಯಾನ್ ಹತ್ರ ನಿಂತು ಅನುಭವ ಇಲ್ಲ. ಗೊತ್ತಿಲ್ಲದವರಿಗೆ ಹೇಳ್ತೀನಿ, ಕಬ್ಬಿನ ಹಾಲನ್ನ ಕಾಯಿಸಿ ಗಟ್ಟಿ ಮಾಡಿದ ಸಿರಪ್ಪನ್ನ ವ್ಯಾಕ್ಯೂಮ್ ಇರೋ ದೊಡ್ಡ ಪಾತ್ರೇಲಿ ಕುದಿಸಿ ಸಕ್ಕರೆ ಕಾಳು ಕಟ್ಟಿಸೋದೇ ಪ್ಯಾನ್ ಕೆಲಸ. ಕಾಳಿಗೆ ಬೀಜ ಕೊಟ್ಟ ಮೇಲೆ ಆ ಕಾಳುಗಳೇ ಬೆಳೀಬೇಕು, ಹೊಸ ಕಾಳು ಹುಟ್ಟಬಾರದು. ಕಾಳು ಸಕ್ಕರೆ ಹೀರ್ಕೊಳ್ಳೋದಕ್ಕಿಂತ ಜೋರಾಗಿ ನೀರು ಆವಿಯಾಗಿಬಿಟ್ರೆ ರಸ ವಿಪರೀತ ಗಟ್ಟಿಯಾಗಿ ಮಧ್ಯೆ ಮಧ್ಯೆ ಧೂಳಿನ ಥರ ಸಣ್ಣ ಕಾಳು ತಾನಾಗೇ ಎದ್ದುಬಿಡುತ್ತೆ, ಅದಕ್ಕೆ ಫಾಲ್ಸ್ ಗ್ರೇನ್ ಅಂತೀವಿ, ಅದು ಎದ್ರೆ ಮುಂದೆ ಕಾಳಿಂದ ಕಾಕಂಬಿ ಬೇರೆ ಮಾಡೋ ಸೆಂಟ್ರಿಫ್ಯೂಗಲ್ ಮೆಷಿನ್ನಲ್ಲಿ ಕಾಕಂಬಿ ಸರಿಯಾಗಿ ಇಳಿಯಲ್ಲ, ಒಂದಿಷ್ಟು ಸಣ್ಣ ಕಾಳು ಜಾಲರಿ ದಾಟಿ ಕಾಕಂಬಿ ಜೊತೆನೇ ಹೋಗುತ್ತೆ. ಹೊಸ ಹುಡುಗರ ಕೈಲಿ ಇದು ಮೇಲಿಂದ ಮೇಲೆ ಆಗ್ತಿತ್ತು. ಚೀಫ್ ಕೆಮಿಸ್ಟ್ ಯಜಮಾನ್ರಿಗೆ ಫೋನ್ ಮಾಡಿದ್ರು, ಅವರು ದುಡ್ಡು ಬೇಡ, ವಾರದಲ್ಲಿ ಎರಡು ದಿನ ಬರ್ತೀನಿ, ಹೋಗೋಕೆ ಬರೋಕೆ ಜೀಪ್ ಕಳಿಸಿ ಅಂದ್ರು ಅಷ್ಟೆ.

ನಂಗೆ ಹೇಳಿದ್ದು ಒಂದು ಚೆನ್ನಾಗಿರೋ ಸ್ವಾಗತದ ಮೆಸೇಜ್ ಬರೀರಿ, ಟೈಮ್ ಆಫೀಸಿನ ಬೋರ್ಡಿಗೂ ವಾಟ್ಸಾಪ್ ಗ್ರೂಪಿಗೂ ಹಾಕೋಣ, ಒಂದು ಪ್ರಿಂಟು ಅವರ ಕೈಗೂ ಕೊಡೋಣ ಅಂತ. ನಾನು ಅವರ ಬೀಳ್ಕೊಡುಗೆ ಪತ್ರನೇ ತೆಗೆದು ಅದರಿಂದ ಬರೆದೆ. 'ಸುದೀರ್ಘ 34 ವರ್ಷಗಳ ಕಾಲ ನಿಷ್ಠೆಯಿಂದ ಸೇವೆ ಸಲ್ಲಿಸಿ, ನಿವೃತ್ತಿಯ ನಂತರವೂ ತಮ್ಮ ಅಮೂಲ್ಯ ಸಮಯವನ್ನು ಉಚಿತವಾಗಿ ನೀಡಲು ಮುಂದೆ ಬಂದಿರುವ' ಅಂತ ಶುರು, ಕೊನೇಲಿ ಆಯುರಾರೋಗ್ಯ ಕೋರೋದು. ಆಫೀಸಲ್ಲಿ ಎಲ್ರೂ ಚೆನ್ನಾಗಿದೆ ಅಂದ್ರು. ಹೇಗಿದ್ರೂ ಅವರ ಹೆಸರಲ್ಲಿ ಹೋಗೋದಲ್ವಾ, ಮೊದಲು ಅವರೇ ನೋಡಲಿ ಅಂತ ಭಾನುವಾರ ಅವರ ಊರಿಗೇ ತಗೊಂಡು ಹೋದೆ.

ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ಆಮೇಲೆ 'ಏನವ್ವ, ಇದ್ನ ಓದುದ್ರೆ ನನ್ನ ಇನ್ನೊಂದ್ಸಲ ರಿಟೈರ್ ಮಾಡ್ದಂಗೈತಲ್ಲ' ಅಂದ್ರು. ಒಳಗಿಂದ ಅವರ ಮನೆಯವರು ಕಾಫಿ ತಂದು ಕೊಡ್ತಾ ಕೇಳಿದ್ರು, 'ಉಚಿತವಾಗಿ ಅಂತ ಬೋರ್ಡಿಗೆ ಯಾಕ್ ಹಾಕ್ತೀಯವ್ವ? ಊರೋರೆಲ್ಲ ಪುಕ್ಕಟೆ ದುಡಿಯಕ್ಕೋಗವ್ರೆ ಅಂತಾರೆ.'

ಎರಡೂ ಮಾತು ನಿಜ. ನಾನು ಬರೆದಿದ್ರಲ್ಲಿ ಮುಗಿದುಹೋದ 34 ವರ್ಷಕ್ಕೆ ಥ್ಯಾಂಕ್ಸ್ ಇತ್ತು, ಬರೋ ಬುಧವಾರ ಅವರು ಬಂದು ಏನು ಮಾಡ್ತಾರೆ ಅನ್ನೋದು ಒಂದು ಸಾಲೂ ಇರ್ಲಿಲ್ಲ. ಹೊಸ ಹುಡುಗ ಅದನ್ನ ಓದಿದ್ರೆ ಯಾರೋ ಹಿರಿಯರಿಗೆ ಸನ್ಮಾನ ಇರಬೇಕು ಅಂದ್ಕೊಂಡು ಮುಂದಕ್ಕೆ ಹೋಗ್ತಾನೆ, ಇವರ ಹತ್ರ ಏನು ಕೇಳಬಹುದು ಅಂತ ಅವನಿಗೆ ತಿಳಿಯಲ್ಲ. ಇನ್ನು ಉಚಿತ ಅನ್ನೋ ಪದ ನಾನು ಹೊಗಳಿಕೆ ಅಂತ ಹಾಕಿದ್ದು, ಆದ್ರೆ ಅದು ಕಾರ್ಖಾನೆಗೆ ಎಷ್ಟು ಉಳೀತು ಅಂತ ಲೆಕ್ಕ ಹೇಳಿದ ಹಾಗಿತ್ತು. ಅದನ್ನ ತೆಗೆದು 'ತಾವಾಗೇ ಒಪ್ಪಿ' ಅಂತ ಹಾಕಿದೆ. ಸಂಬಳದ ವಿಷ್ಯ ಅವರಿಗೆ ಬೇರೆ ಕಾಗದದಲ್ಲಿ ಸ್ಪಷ್ಟವಾಗಿ ಬರೆದು ಕೊಟ್ವಿ, ಜೀಪು, ಕ್ಯಾಂಟೀನ್ ಊಟ, ಗೇಟ್ ಪಾಸು ಇಷ್ಟು ಅಂತ. ಅದು ಹತ್ತು ಜನ ಓದೋ ಬೋರ್ಡಿನ ವಿಷ್ಯ ಅಲ್ಲ.

ಥ್ಯಾಂಕ್ಸ್ ಯಾವುದಕ್ಕೆ ಹೇಳಬೇಕು ಅಂತ ನಂಗೆ ಟೇಬಲ್ ಮುಂದೆ ಕೂತು ಹೊಳೀಲಿಲ್ಲ, ಅದಕ್ಕೆ ಎರಡನೇ ಶಿಫ್ಟಲ್ಲಿ ಪ್ಯಾನ್ ಫ್ಲೋರಿಗೆ ಹತ್ತಿ ಹೋದೆ. ಅಲ್ಲಿರೋ ಹಳಬರಿಗೆ ಒಂದೇ ಪ್ರಶ್ನೆ ಕೇಳಿದೆ, ಯಜಮಾನ್ರು ಕಲಿಸಿದ್ದು ಯಾವುದನ್ನ ನೀವು ಇವತ್ತಿಗೂ ಮಾಡ್ತೀರಾ ಅಂತ. ಅವರು ಹೇಗೆ ಅಂತ ಕೇಳಿದ್ರೆ 'ಒಳ್ಳೇ ಮನುಷ್ಯ' ಅಂತಾರೆ, ಅದರಿಂದ ಬರೆಯೋಕೆ ಏನೂ ಸಿಗಲ್ಲ. ಹಿಂಗೆ ಕೇಳಿದ್ದಕ್ಕೆ ಒಬ್ಬ ಪ್ಯಾನ್‌ಮ್ಯಾನ್ ಪ್ರೂಫ್ ಸ್ಟಿಕ್ ಎಳೆದು, ಬಂದ ಸ್ಯಾಂಪಲ್ಲನ್ನ ಗಾಜಿನ ಚೂರಿಗೆ ತೆಳ್ಳಗೆ ಸವರಿ ಲೈಟಿಗೆ ಹಿಡಿದು ತೋರಿಸಿದ. 'ದೊಡ್ಡ ಕಾಳು ನೋಡ್ಬೇಡ, ಕಾಳಿನ ಸಂದಿ ನೋಡು ಅಂತಿದ್ರು ಮೇಡಮ್. ಸಂದೀಲಿ ಧೂಳು ಮಿಂಚುದ್ರೆ ಫಾಲ್ಸ್ ಗ್ರೇನ್ ಏಳ್ತಾ ಐತೆ ಅಂತ, ಆಗ್ಲೇ ಸಿರಪ್ ನಿಲ್ಸಿ ನೀರು ಕೊಟ್ಟು ಕರಗಿಸ್ಬೇಕು. ನಾವು ಕಾಳು ದಪ್ಪ ಆಯ್ತಾ ಅಂತಲೇ ನೋಡ್ತಿದ್ವಿ.' ಇನ್ನೊಬ್ಬ ಹೇಳಿದ, ನೀರು ಕೊಟ್ಟ ಟೈಮನ್ನ ಲಾಗ್ ಬುಕ್ಕಲ್ಲಿ ಬರೀಲೇಬೇಕು ಅಂತ ಅವರು ಬಿಡ್ತಾ ಇರ್ಲಿಲ್ಲ, ನಾಚಿಕೆಗೆ ಮುಚ್ಚಿಟ್ರೆ ಮುಂದಿನ ಶಿಫ್ಟ್‌ನವನಿಗೆ ಸ್ಟ್ರೈಕ್, ಅಂದ್ರೆ ಕುದ್ದಿದ್ದನ್ನ ಪ್ಯಾನಿಂದ ಕೆಳಗೆ ಇಳಿಸೋದು, ಯಾಕೆ ತಡ ಆಯ್ತು ಅಂತ ಗೊತ್ತಾಗಲ್ಲ ಅಂತಿದ್ರಂತೆ. ನಂಗೆ ಬೇಕಾಗಿದ್ದ ಸಾಲು ಇದೇ. 34 ವರ್ಷ ಯಾರ ಪತ್ರದಲ್ಲಾದ್ರೂ ಇರುತ್ತೆ, ಕಾಳಿನ ಸಂದಿ ನೋಡೋದು ಇವರದ್ದೇ.

ಅಷ್ಟರಲ್ಲಿ ಸೇಫ್ಟಿ ಆಫೀಸರ್ ಡ್ರಾಫ್ಟ್ ನೋಡಿ ಒಂದು ಸಾಲು ಹೊಡೆದು ಹಾಕಿದ್ರು. ನಾನು 'ಪ್ಯಾನ್ ನಡೆಸಿ ತೋರಿಸುತ್ತಾರೆ' ಅಂತ ಬರೆದಿದ್ದೆ. ಆಗಿನ್ನೂ ಜಾರೀಲಿದ್ದ 1948ರ ಫ್ಯಾಕ್ಟರಿ ಕಾಯ್ದೆ ಪ್ರಕಾರ ಕೆಲಸಗಾರ ಅನ್ನಿಸ್ಕೊಳ್ಳೋಕೆ ಸಂಬಳ ಇರಲೇಬೇಕು ಅಂತಿಲ್ಲ, ಉತ್ಪಾದನೆ ಕೆಲಸಕ್ಕೆ ಹಚ್ಚಿದ್ರೆ ಸಂಬಳ ಇದ್ರೂ ಇಲ್ಲದಿದ್ರೂ ಒಂದೇ, ಹಾಗಾಗಿ ಸ್ವಯಂಸೇವಕರು ಅಂತ ಬರೆದುಬಿಟ್ಟು ವಾಲ್ವ್ ಕೈಗೆ ಕೊಟ್ರೆ ನಾಳೆ ಏನಾದ್ರೂ ಆದಾಗ ನಿಮ್ಮ ಮೆಸೇಜೇ ಎದುರಿಗೆ ಬರುತ್ತೆ ಅಂದ್ರು. ಅವರ ಮಾತಿಗೆ ಕಾರಣ ಇತ್ತು, ಪ್ಯಾನ್ ಫ್ಲೋರಲ್ಲಿ ಸ್ಟೀಮ್ ಲೈನು, ಬಿಸಿ ಪಾಕ ಎಲ್ಲಾ ಇರೋದು. ಯಜಮಾನ್ರು ಪಕ್ಕದಲ್ಲಿ ನಿಂತು ನೋಡಿ ಹೇಳಿಕೊಡ್ತಾರೆ, ವಾಲ್ವ್ ಮುಟ್ಟೋದು ಡ್ಯೂಟೀಲಿರೋ ಆಪರೇಟರ್ ಮಾತ್ರ ಅಂತ ತೀರ್ಮಾನ ಆಯ್ತು.

ಅದೇ ಸಾಲು ಇನ್ನೊಂದು ತೊಂದರೆನೂ ಬಗೆಹರಿಸ್ತು. ಶಿಫ್ಟ್ ಕೆಮಿಸ್ಟ್‌ಗಳಲ್ಲಿ ಒಬ್ಬರಿಗೆ ಒಳಗೊಳಗೇ ಬೇಜಾರಿತ್ತು, ನಮಗೆ ಬರಲ್ಲ ಅಂತ ಹಳಬರನ್ನ ಕರೆಸಿದ್ದಾರೆ ಅಂತ. ನನ್ನ ಮೊದಲನೇ ಡ್ರಾಫ್ಟಲ್ಲಿ 'ಅವರ ಮಾರ್ಗದರ್ಶನದಂತೆ ನಡೆಯತಕ್ಕದ್ದು' ಅಂತ ಬೇರೆ ಇತ್ತು, ಅದು ಹೋಗಿದ್ರೆ ಒಂದು ಪ್ಯಾನಿಗೆ ಇಬ್ಬರು ಯಜಮಾನ್ರು ಆಗ್ತಿದ್ರು. ಹುಡುಗ ಯಾರ ಮಾತು ಕೇಳಬೇಕು? ಅದಕ್ಕೆ ತೀರ್ಮಾನ ಶಿಫ್ಟ್ ಕೆಮಿಸ್ಟ್‌ದೇ ಅಂತ ನೇರವಾಗಿ ಬರೆದೆ, ಗ್ರೂಪಿಗೆ ಹಾಕೋ ಮುಂಚೆ ಮೂರೂ ಶಿಫ್ಟಿನ ಕೆಮಿಸ್ಟ್‌ಗಳಿಗೆ ಮೊದಲು ತೋರಿಸಿದೆ. ಬೇಜಾರಿದ್ದವರು ಓದಿ ಏನೂ ಹೇಳ್ಲಿಲ್ಲ, ಆದ್ರೆ ಬುಧವಾರ ಗೇಟಿಂದ ಯಜಮಾನ್ರನ್ನ ಕರ್ಕೊಂಡು ಬಂದಿದ್ದು ಅವರೇ.

ಕೊನೆಗೆ ಹೋದ ಮೆಸೇಜ್ ಇದು, ಹೆಸರಿದ್ದ ಕಡೆ ಯಜಮಾನ್ರು ಅಂತ ಹಾಕಿದೀನಿ.

'ಯಜಮಾನ್ರೇ, ಮತ್ತೆ ನಮ್ಮ ಪ್ಯಾನ್ ಫ್ಲೋರಿಗೆ ಸ್ವಾಗತ. ಕಾಳು ನೋಡಬೇಡ, ಕಾಳಿನ ಸಂದಿ ನೋಡು ಅಂತ ನೀವು ಹೇಳಿಕೊಟ್ಟಿದ್ದನ್ನ ನಮ್ಮ ಪ್ಯಾನ್‌ಮ್ಯಾನ್‌ಗಳು ಇವತ್ತಿಗೂ ಮಾಡ್ತಾ ಇದಾರೆ, ನೀರು ಕೊಟ್ಟ ಟೈಮ್ ಇವತ್ತಿಗೂ ಲಾಗ್ ಬುಕ್ಕಲ್ಲಿ ಬರೀತಾರೆ. ಅದಕ್ಕೆ ನಿಮಗೆ ಧನ್ಯವಾದ. ಈಗ ಹೊಸದಾಗಿ ಬಂದ ಆರು ಜನಕ್ಕೂ ಅದನ್ನ ಕಲಿಸೋಕೆ ನೀವು ತಾವಾಗೇ ಒಪ್ಪಿ ಬರ್ತಿರೋದು ನಮಗೆಲ್ಲ ತುಂಬಾ ಸಂತೋಷ.

ಹೊಸಬರಿಗೆ: ಯಜಮಾನ್ರು ಈ ಹಂಗಾಮು ಮುಗಿಯೋವರೆಗೂ ಬುಧವಾರ ಮತ್ತು ಶನಿವಾರ ಬೆಳಿಗ್ಗೆ 9ರಿಂದ 1 ಗಂಟೆವರೆಗೆ ಪ್ಯಾನ್ ಫ್ಲೋರಲ್ಲಿ ಇರ್ತಾರೆ. ಸ್ಯಾಂಪಲ್ ನೋಡೋದು, ಫಾಲ್ಸ್ ಗ್ರೇನ್ ಗುರುತಿಸೋದು, ಲಾಗ್ ಬರೆಯೋದು ಇವನ್ನ ಅವರ ಹತ್ರ ಕೇಳಿ ಕಲೀರಿ. ವಾಲ್ವ್ ಮುಟ್ಟೋದು ಡ್ಯೂಟಿ ಆಪರೇಟರ್ ಮಾತ್ರ, ಪ್ಯಾನ್ ಬಗ್ಗೆ ತೀರ್ಮಾನ ಶಿಫ್ಟ್ ಕೆಮಿಸ್ಟ್‌ದು.'

ಇದನ್ನ ಮೊದಲು ಫೋನಲ್ಲಿ ಅವರಿಗೆ ಓದಿ ಹೇಳಿದೆ. 'ಈಗ ಸರೋಯ್ತು, ಹಾಕು' ಅಂದ್ರು.

ಒಂದು ತಪ್ಪು ಮಾತ್ರ ನಡೆದುಹೋಯ್ತು. ಗ್ರೂಪಿಗೆ ಹಾಕಿದ ಮೇಲೆ ಕೆಳಗೆ ನಾನೇ 'ಏನೇ ಡೌಟ್ ಇದ್ರೂ ಯಜಮಾನ್ರನ್ನ ಕೇಳಿ' ಅಂತ ಇನ್ನೊಂದು ಸಾಲು ಸೇರಿಸಿಬಿಟ್ಟೆ, ಅವರೂ ಗ್ರೂಪಲ್ಲೇ ಇದ್ದಿದ್ರಿಂದ ನಂಬರ್ ಎಲ್ರಿಗೂ ಸಿಕ್ತು. ಮೂರನೇ ಶಿಫ್ಟಿನ ಹುಡುಗರು ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ವ್ಯಾಕ್ಯೂಮ್ ಬೀಳ್ತಾ ಇದೆ ಏನ್ಮಾಡ್ಲಿ ಅಂತ ಕೇಳೋಕೆ ಶುರು ಮಾಡಿದ್ರು. ಯಜಮಾನ್ರು ಬೈಲಿಲ್ಲ, ಎದ್ದು ಉತ್ತರ ಹೇಳ್ತಾ ಇದ್ರು. ಶನಿವಾರ ಅವರ ಕಣ್ಣು ಕೆಂಪಗಿದ್ದಿದ್ದು ನೋಡಿ ಚೀಫ್ ಕೆಮಿಸ್ಟ್ ವಿಚಾರಿಸಿದ ಮೇಲೆ ನಂಗೆ ಗೊತ್ತಾಗಿದ್ದು. ಪ್ಯಾನ್ ನೋಡದೆ ಫೋನಲ್ಲಿ ಹೇಳೋದು ಅಪಾಯನೂ ಹೌದು, ಅಲ್ಲಿ ಗಾಜಿನ ಮೇಲೆ ಏನಿದೆ ಅಂತ ಅವರಿಗೆ ಕಾಣಲ್ಲ. ಅವತ್ತೇ ಆ ಸಾಲು ಡಿಲೀಟ್ ಮಾಡಿ, ರಾತ್ರಿ ಏನಿದ್ರೂ ಶಿಫ್ಟ್ ಕೆಮಿಸ್ಟ್ ಹತ್ರ ಹೋಗಿ, ಯಜಮಾನ್ರಿಗೆ ಕೇಳೋದನ್ನ ಪುಸ್ತಕದಲ್ಲಿ ಬರೆದಿಟ್ಟು ಬುಧವಾರ ಕೇಳಿ ಅಂತ ಹಾಕಿದೆ, ಪ್ಯಾನ್ ಫ್ಲೋರಿನ ಟೇಬಲ್ ಮೇಲೆ ಒಂದು 200 ಪೇಜಿನ ನೋಟ್‌ಬುಕ್ಕನ್ನೂ ದಾರ ಕಟ್ಟಿ ಇಟ್ವಿ. ಹಂಗಾಮು ಮುಗಿಯೋ ಹೊತ್ತಿಗೆ ಅದು ಅರ್ಧ ತುಂಬಿತ್ತು, ಪ್ರಶ್ನೆ ಹುಡುಗರ ಅಕ್ಷರ, ಉತ್ತರ ಯಜಮಾನ್ರ ಅಕ್ಷರ.

ಹಂಗಾಮು ಮುಗಿಯೋವರೆಗೂ ಅಂತ ಹಾಕಿದ್ದು ಎಷ್ಟು ಒಳ್ಳೇದಾಯ್ತು ಅಂತ ಆಮೇಲೆ ತಿಳೀತು. ಕೊನೇ ದಿನ ಯಾವಾಗ ಅಂತ ಬರೀದೆ ಇದ್ರೆ ಅವರಾಗೇ ಸಾಕು ಅನ್ನೋಕೆ ಸಂಕೋಚ ಪಡ್ತಾರೆ, ನಾವು ಬೇಡ ಅನ್ನೋದಂತೂ ಆಗದ ಮಾತು. ಮುಂದಿನ ಹಂಗಾಮಿಗೆ ನಾನೇ ಫೋನ್ ಮಾಡಿ ಬರ್ತೀರಾ ಯಜಮಾನ್ರೇ ಅಂತ ಕೇಳಿದೆ. 'ಬತ್ತೀನಿ ಕಣವ್ವ, ಆದ್ರೆ ಬುಧವಾರ ಬ್ಯಾಡ, ಮೊಮ್ಮಗೀನ ಸ್ಕೂಲಿಂದ ಕರ್ಕೊಂಡ್ ಬರ್ಬೇಕು, ಶನಿವಾರ ಒಂದೇ ಇರ್ಲಿ' ಅಂದ್ರು. ಅದೇ ಮೆಸೇಜ್ ತೆಗೆದು ಬುಧವಾರ ಅಳಿಸಿದೆ, ಆರು ಜನ ಅನ್ನೋದನ್ನ ಇಬ್ಬರು ಅಂತ ಮಾಡಿದೆ, ಪ್ರಶ್ನೆ ಬರೆಯೋ ಪುಸ್ತಕ ಪ್ಯಾನ್ ಫ್ಲೋರಿನ ಟೇಬಲ್ ಮೇಲಿದೆ ಅಂತ ಒಂದು ಸಾಲು ಸೇರಿಸಿ, ಮತ್ತೆ ಅವರಿಗೆ ಓದಿ ಹೇಳಿ ಬೋರ್ಡಿಗೆ ಹಾಕಿದೆ.