ಅವಳ ಅಮ್ಮನ ಡಬ್ಬಿಗಳು

ಮದುವೆಯಾಗಿ ಹಾಸನದ ಈ ಮನೆಗೆ ಬಂದಾಗ ನನಗೆ 37 ವರ್ಷ. ನನ್ನವರಿಗೆ ಇದು ಎರಡನೇ ಮದುವೆ. ಮೊದಲ ಹೆಂಡತಿ ಕಾಯಿಲೆಯಿಂದ ತೀರಿಕೊಂಡು ಮೂರು ವರ್ಷವಾಗಿತ್ತು. ಮಗನಿಗೆ 7, ಮಗಳಿಗೆ 13. ಹುಡುಗ ತಿಂಗಳೊಳಗೆ ನನಗೆ ಅಂಟಿಕೊಂಡ. ಅವಳು ಮಾತ್ರ ನಾನು ಬಡಿಸಿದ ತಟ್ಟೆ ಮುಟ್ಟುತ್ತಿರಲಿಲ್ಲ.

ತಪ್ಪು ನನ್ನಿಂದಲೇ ಶುರುವಾಗಿತ್ತು. ಬಂದ ಮೊದಲ ವಾರವೇ ಅಡುಗೆಮನೆ ಕ್ಲೀನ್ ಮಾಡಲು ಹೊರಟೆ. ಹಳೇ ಡಬ್ಬಿಗಳ ಮೇಲೆ ಎಣ್ಣೆ ಹಿಡಿದ ಚೀಟಿಗಳು ಅಂಟಿದ್ದವು. ಸಾರಿನ ಪುಡಿ, ಹುಳಿಪುಡಿ, ಹುರಿಗಡಲೆ. ಬಿಸಿನೀರಲ್ಲಿ ನೆನೆಹಾಕಿ ಎಲ್ಲವನ್ನೂ ಉಜ್ಜಿ ತೆಗೆದೆ. ಸಂಜೆ ಸ್ಕೂಲಿನಿಂದ ಬಂದವಳು ಒಂದು ಡಬ್ಬಿ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಅದು ಅವಳ ಅಮ್ಮನ ಅಕ್ಷರ. ಮಾತಾಡದೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಕ್ಷಮೆ ಕೇಳಿದೆ. ಆದರೆ ಅಳಿಸಿದ ಅಕ್ಷರ ವಾಪಸ್ ಬರುತ್ತದಾ?

ಆಮೇಲೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಅದು ಅರ್ಥವಾಗಲು ನನಗೆ ವರ್ಷವೇ ಹಿಡಿಯಿತು. ಒಂದು ಭಾನುವಾರ ನಾಲ್ವರೂ ಬೇಲೂರಿಗೆ ಹೋಗಿದ್ದೆವು. ದಾರಿಯಲ್ಲಿ ಅವಳು ನನ್ನ ಜೊತೆ ನಕ್ಕಳು, ಜೋಳ ಹಂಚಿಕೊಂಡು ತಿಂದಳು. ಮರುದಿನ ಬೆಳಿಗ್ಗೆ, "ನೀವು ನನ್ನ ಅಮ್ಮ ಅಲ್ಲ, ನನ್ನ ಬ್ಯಾಗ್ ಮುಟ್ಟಬೇಡಿ" ಎಂದು ಕಿರುಚಿದಳು. ಹೀಗೆ ಮೂರ್ನಾಲ್ಕು ಸಲ ಆಯಿತು. ದಿನ ಚೆನ್ನಾಗಿ ಕಳೆದಷ್ಟೂ ಮರುದಿನದ ಸಿಟ್ಟು ಜಾಸ್ತಿ.

ಇದನ್ನು ಬಿಡಿಸಿ ಹೇಳಿದ್ದು ಅವಳ ಅಜ್ಜಿ, ಅಂದರೆ ತೀರಿಕೊಂಡವರ ತಾಯಿ. ಅವರ ಮನೆಗೆ ಹೋಗಲು ನನಗೆ ಭಯವಿತ್ತು. ಆದರೂ ಒಬ್ಬಳೇ ಹೋದೆ. "ನೋಡಮ್ಮ, ನಿನ್ನ ಹತ್ರ ನಕ್ಕರೆ ಅಮ್ಮನ್ನ ಮರೆತಂಗಾಗುತ್ತೆ ಅಂತ ಅದಕ್ಕೆ ಹೆದರಿಕೆ" ಎಂದರು. ನನ್ನನ್ನು ಇಷ್ಟಪಡತೊಡಗಿದ್ದರಿಂದಲೇ ಅವಳು ನನ್ನನ್ನು ದೂರ ತಳ್ಳುತ್ತಿದ್ದಳು. ಇಷ್ಟಪಡಬಹುದು ಅನ್ನೋ ಒಪ್ಪಿಗೆ ನಾನು ಕೊಟ್ಟರೆ ನಡೆಯುವುದಿಲ್ಲ. ಅದು ಅಮ್ಮನ ಕಡೆಯಿಂದಲೇ ಬರಬೇಕು.

ಅಜ್ಜಿ ಬಂದು ಹದಿನೈದು ದಿನ ಇದ್ದರು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾರಿನ ಪುಡಿ ಹುರಿದರು. ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಸುಮ್ನೆ ಕೂತಿದ್ದೆ. "ನಿಮ್ಮಮ್ಮ ಮೆಂತ್ಯ ಒಂದು ಹಿಡಿ ಜಾಸ್ತಿ ಹಾಕೋಳು, ಇವರಿಗೂ ತೋರಿಸು ಪುಟ್ಟಿ" ಎಂದರು. ಅವಳು ಮುಖ ನೋಡದೇ ತನ್ನ ಮುಷ್ಟಿ ತೋರಿಸಿದಳು. ಆ ರಾತ್ರಿ ನಾನು ಮಾಡಿದ ಸಾರು ಬಡಿಸಿಕೊಂಡಳು. ಅರ್ಧ ಸೌಟು, ಅಷ್ಟೇ.

ಆಗಿನಿಂದ ಮನೆಯಲ್ಲಿ ಕೆಲವು ಬದಲಾವಣೆ ಮಾಡಿದೆವು. ಅವಳನ್ನು ಗದರುವುದು, ಫೋನ್ ಕಸಿಯುವುದು, ಮಾರ್ಕ್ಸ್ ಕಾರ್ಡ್ ಬಗ್ಗೆ ಕೇಳುವುದು ಎಲ್ಲ ಅವಳ ಅಪ್ಪನ ಕೆಲಸ. ನನಗೆ ಏನಾದರೂ ಅನ್ನಿಸಿದರೆ ರಾತ್ರಿ ಅವರಿಗೆ ಹೇಳುತ್ತಿದ್ದೆ. ಅವರು ಊರಲ್ಲಿಲ್ಲದಾಗ, "ಒಂಬತ್ತಕ್ಕೆ ಫೋನ್ ಇಡಬೇಕು ಅಂತ ಅಪ್ಪ ಹೇಳಿದ್ದಾರೆ" ಎನ್ನುತ್ತಿದ್ದೆ. "ನಾನು ಹೇಳ್ತಿದೀನಿ" ಎಂದರೆ ಜಗಳ ಗ್ಯಾರಂಟಿ. ನನ್ನವರಿಗೆ ಇದು ಮೊದಮೊದಲು ಬೇಸರ ತಂದಿತ್ತು. ಹೆಣ್ಣುಮಗುವನ್ನು ನಾನು ನೋಡಿಕೊಳ್ಳುತ್ತೇನೆ ಅಂತ ಅಂದುಕೊಂಡಿದ್ದರು. ಭಾನುವಾರ ಬೆಳಿಗ್ಗೆ ಎರಡು ಗಂಟೆ ಅಪ್ಪ-ಮಗಳು ಮಾತ್ರ ಹೊರಗೆ ಹೋಗುವುದು ಅಂತಲೂ ಆಯಿತು. ಮೊದಲಿನಂತೆ ಅಪ್ಪ ಪೂರ್ತಿ ತನಗೇ ಸಿಗುವ ಆ ಹೊತ್ತನ್ನು ಅವಳು ವಾರವಿಡೀ ಕಾಯುತ್ತಿದ್ದಳು. ಆ ಹೊತ್ತಿಗೆ ನಾನು ಎಂದೂ ಅಡ್ಡ ಬರಲಿಲ್ಲ.

"ಅಮ್ಮ ಅನ್ನು" ಎಂದು ನೆಂಟರು ಒತ್ತಾಯ ಮಾಡಿದಾಗಲೆಲ್ಲ ನಾನೇ ತಡೆದೆ. ಆಂಟಿ ಎನ್ನುತ್ತಿದ್ದಳು, ಅದೇ ಸಾಕು.

ಇನ್ನೊಂದು ಭಯ ಅವಳ ಕಿವಿಗೆ ಬಿದ್ದಿತ್ತು. "ಇವಳಿಗೆ ಮಗುವಾದರೆ ಇವರಿಗೆ ಏನೂ ಉಳಿಯಲ್ಲ" ಎಂದು ಮದುವೆ ಮನೆಯಲ್ಲೇ ಯಾರೋ ಹೇಳಿದ್ದರಂತೆ. ಅವಳ ಅಮ್ಮನ ಒಡವೆಯನ್ನು ಅಜ್ಜಿ ಎದುರಿಗೇ ಪಟ್ಟಿ ಮಾಡಿ ಲಾಕರ್‌ನಲ್ಲಿಟ್ಟೆವು. ಪಟ್ಟಿಯ ಒಂದು ಪ್ರತಿ ಅವಳ ಕೈಗೇ ಕೊಟ್ಟೆವು. ಅಪ್ಪನ ಆಸ್ತಿಯಲ್ಲಿ ಮಕ್ಕಳ ಹಕ್ಕು ಎರಡನೇ ಮದುವೆಯಿಂದ ಹೋಗುವುದಿಲ್ಲ ಎಂದು ವಕೀಲರೇ ಅವಳಿಗೆ ಬಿಡಿಸಿ ಹೇಳಿದರು. ನನ್ನ ಸ್ವಂತ ದುಡಿಮೆಯ ಲೆಕ್ಕ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಗಸಿನ ಆಸ್ತಿಗೆ ಮಕ್ಕಳು ಅಂದಾಗ ಗಂಡನ ಮೊದಲ ಮದುವೆಯ ಮಕ್ಕಳು ಸೇರುವುದಿಲ್ಲ. ಅದಕ್ಕೇ ಇಬ್ಬರ ಹೆಸರಿಗೂ ವಿಲ್ ಬರೆಸಿದೆ.

ಇದೆಲ್ಲ ನಮ್ಮ ಮನೆಗೆ ಹೊಂದಿದ ದಾರಿ. ಡೈವೋರ್ಸ್ ಆಗಿ ತಾಯಿ ಬದುಕಿದ್ದು, ಅವರಿಗೇ ಈ ಮದುವೆ ಒಪ್ಪಿಗೆಯಿಲ್ಲದಿದ್ದರೆ, ಅಜ್ಜಿಯ ಕೆಲಸ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ.

ಈಗ ಆರನೇ ವರ್ಷ. ಅವಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಅಮ್ಮನ ತಿಥಿಗೆ ಬಂದಾಗ ಈಗಲೂ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಆ ದಿನ ನಾನೂ ಮಾತಾಡಿಸಲು ಹೋಗುವುದಿಲ್ಲ, ಎಡೆಗೆ ಬೇಕಾದ್ದನ್ನು ಮಾಡಿಟ್ಟು ಹಿಂದೆ ಸರಿಯುತ್ತೇನೆ. ಹೋದ ಸಲ ಹೊರಡುವಾಗ ಸಾರಿನ ಪುಡಿ ಡಬ್ಬಿ ತೆಗೆದು ಮೂಸಿ, "ಆಂಟಿ, ಮೆಂತ್ಯ ಕಮ್ಮಿ ಆಗಿದೆ" ಎಂದಳು. ಆದರೂ ಅರ್ಧ ಡಬ್ಬಿ ಬ್ಯಾಗಿಗೆ ತುಂಬಿಕೊಂಡಳು.